ಸಹಾಯ ಬೇಕು: ಸ್ಪ್ಯಾನಿಷ್ ತರಕಾರಿ ಮಾರುಕಟ್ಟೆ ಸಂಭಾಷಣೆಯಲ್ಲಿ ಒಂದು ಸಾಲು

ಸ್ಪೇನಿನ ಮಾರುಕಟ್ಟೆಯಲ್ಲಿ ನಡೆಯುವ ಗಿರಾಕಿ–ವ್ಯಾಪಾರಿ ಮಾತುಕತೆ, ಆರಂಭಿಕ ಹಂತದ ವರ್ಕ್‌ಶೀಟ್. ಮೂರು ತರಕಾರಿ ಕೊಳ್ಳಬೇಕು, ಬೆಲೆ ಕೇಳಬೇಕು, ಒಂದು ಕಡೆ ತರಕಾರಿಯ ಗುಣದ ಬಗ್ಗೆ ಹೇಳಬೇಕು. ಇಷ್ಟು ಸಿದ್ಧವಾಗಿದೆ:

— ಕೆ ಲೆ ಪೊಂಗೊ? (ಏನು ಕೊಡಲಿ?)
— ಆ ಕ್ವಾಂತೊ ಎಸ್ತಾನ್ ಲೋಸ್ ತೊಮಾತೆಸ್? (ಟೊಮೆಟೊ ಹೇಗೆ?)
— ಆ ದೋಸ್ ಎಉರೋಸ್ ಎಲ್ ಕಿಲೊ.
— ಪೋಂಗಮೆ ಉನ್ ಕಿಲೊ, ಪೊರ್ ಫಾವೊರ್.

ಟೊಮೆಟೊ ಬಹುವಚನವಾದ್ದರಿಂದ ‘ಎಸ್ತಾನ್’. ‘ಎಸ್ತಾ’ ಎಂದರೆ ಅಂಕ ಹೋಗುತ್ತದೆ. ವ್ಯಾಪಾರಿ ‘ಲೆ’ ಎಂದು ಗೌರವದಿಂದ ಶುರುಮಾಡಿರುವುದರಿಂದ ಗಿರಾಕಿಯೂ ಸಲುಗೆಯ ‘ಪೊನ್ಮೆ’ ಬಿಟ್ಟು ‘ಪೋಂಗಮೆ’ ಎನ್ನುತ್ತಾನೆ. ಆಮೇಲೆ ಎರಡು ಕಿಲೊ ಆಲೂಗೆಡ್ಡೆ, ಕಿಲೊಗೆ 1.50 ಯೂರೊ. ಈರುಳ್ಳಿ ‘ಮೇದಿಯೊ ಕಿಲೊ’, ಅಂದರೆ ಅರ್ಧ ಕಿಲೊ, 80 ಸೆಂಟ್. ‘ಮೇದಿಯೊ’ಗೆ ಮೊದಲು ‘ಉನ್’ ಹಾಕಬಾರದು. ಒಟ್ಟು 5.80, ಬಾಯಲ್ಲಿ ‘ಸಿಂಕೊ ಒಚೆಂತಾ’. ಹತ್ತರ ನೋಟಿಗೆ 4.20 ಚಿಲ್ಲರೆ.

ಸಿಕ್ಕಿಕೊಂಡಿರುವುದು ಗುಣದ ಸಾಲು. ‘ಕೆ ನೊ ಎಸ್ತೆನ್ ಮುಯ್ ಮದೂರೋಸ್’ (ತುಂಬಾ ಹಣ್ಣಾಗಿರದಂಥವು) ಸಹಜ. ಆದರೆ ‘ಎಸ್ತೆನ್’ ಸಬ್‌ಜಂಕ್ಟಿವ್ ರೂಪ, ಈ ಹಂತದ ಪಾಠದಲ್ಲಿಲ್ಲ. ಅದರ ಬದಲು ಎರಡು ದಾರಿ ಕಾಣುತ್ತವೆ: ಕ್ರಿಯಾಪದವೇ ಇಲ್ಲದ ‘ನೊ ಮುಯ್ ಮದೂರೋಸ್, ಪೊರ್ ಫಾವೊರ್’, ಅಥವಾ ತೂಗುವಾಗ ‘ಎಸ್ತೆ ಎಸ್ತಾ ಬ್ಲಾಂದೊ, ಮೆ ಲೊ ಕಾಂಬಿಯಾ?’ (ಇದು ಮೆತ್ತಗಿದೆ, ಬದಲಿಸಿ ಕೊಡ್ತೀರಾ?).

ಎರಡನೆಯದರಲ್ಲಿ ವ್ಯಾಪಾರಿಗೂ ಉತ್ತರಿಸಲು ಅವಕಾಶವಿದೆ, ಹಾಗಾಗಿ ಪಾತ್ರಾಭಿನಯಕ್ಕೆ ಅದೇ ವಾಸಿ ಅನ್ನಿಸುತ್ತದೆ. ಆದರೆ ಅಲ್ಲಿನ ಅಂಗಡಿಯಲ್ಲಿ ಅದು ಒರಟಾಗಿ ಕೇಳಿಸುತ್ತದೆಯೇ? ಸ್ಪೇನಿನಲ್ಲಿ ಇದ್ದವರು ಅಥವಾ ಸ್ಪ್ಯಾನಿಷ್ ಕಲಿಸುವವರು ದಯವಿಟ್ಟು ಹೇಳಿ. ವ್ಯಾಪಾರಿಯ ಸಹಜವಾದ ಉತ್ತರ ಒಂದು ಸಾಲು ಸಿಕ್ಕರೆ ಇನ್ನೂ ಉಪಕಾರ.