ಸಹಾಯ ಬೇಕು: ಸ್ಪೇನ್ ತಂಡಕ್ಕೆ ಈಮೇಲ್, ವೊಸೊತ್ರೋಸ್ ಬಳಸಲೇ, ಉಸ್ತೆದೆಸ್ ಬಳಸಲೇ?

ಮ್ಯಾಡ್ರಿಡ್‌ನ ಹೊಸ ಕ್ಲೈಂಟ್‌ಗೆ ಮೊದಲ ಸ್ಪ್ಯಾನಿಷ್ ಈಮೇಲ್‌ನಲ್ಲಿ ಒಬ್ಬರಿಗೆ ಗೌರವದಿಂದ ಹೇಳುವ ಉಸ್ತೆದ್ ಬಳಸಿದ್ದೆ. ಅಲ್ಲಿನ ಮ್ಯಾನೇಜರ್ 'ಓಲಾ' ಎಂದು ಶುರು ಮಾಡಿ, ಸಲಿಗೆಯ ತು ರೂಪದಲ್ಲೇ ಉತ್ತರಿಸಿದ್ದಾರೆ. ಅವರೊಬ್ಬರಿಗೆ ಬರೆಯುವಾಗ ನಾನೂ ತು ಎನ್ನಬಹುದು. ಸ್ಪೇನ್‌ನ ಆಫೀಸುಗಳಲ್ಲಿ ಅದು ಸಹಜ.

ತೊಡಕಿರುವುದು ಮುಂದಿನ ಈಮೇಲ್‌ನಲ್ಲಿ. ಅದು ಇಡೀ ತಂಡಕ್ಕೆ ಹೋಗಬೇಕು. ನಾನು ಇನ್ನೂ ಮಾತಾಡಿಸದ ಹಿರಿಯ ನಿರ್ದೇಶಕರೂ ಅದರಲ್ಲಿದ್ದಾರೆ. ಫೈಲ್ ಲಗತ್ತಿಸುತ್ತಾ 'ಒಸ್ ಅದ್ಹುಂತೊ' ಎಂದರೆ ಹಲವರಿಗೆ ಸಲಿಗೆಯಿಂದ ಹೇಳುವ ವೊಸೊತ್ರೋಸ್ ಆಗುತ್ತದೆ. ಹಿರಿಯರಿಗೆ ಸಲಿಗೆ ಜಾಸ್ತಿಯಾಯಿತೇನೋ. 'ಲೆಸ್ ಅದ್ಹುಂತೊ' ಎಂದರೆ ಹಲವರಿಗೆ ಗೌರವದ ಉಸ್ತೆದೆಸ್. ಆಗ ತು ಎಂದವರನ್ನು ಮತ್ತೆ ದೂರ ಇಟ್ಟ ಹಾಗೆ, ಅಲ್ವಾ? ಮೆಕ್ಸಿಕೊ ಆಗಿದ್ದರೆ ಎಲ್ಲರಿಗೂ ಉಸ್ತೆದೆಸ್, ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ತಂಡಕ್ಕೆ ವೊಸೊತ್ರೋಸ್ ಬಳಸಿ, ನಿರ್ದೇಶಕರಿಗೆ ಬೇರೆಯಾಗಿ ಉಸ್ತೆದ್‌ನಲ್ಲಿ ಎರಡು ಸಾಲು ಬರೆಯಲೇ? ಸ್ಪೇನ್‌ನವರ ಜೊತೆ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ನಾಳೆ ಕಳಿಸಬೇಕು.