'ರೀಫಂಡ್ ಬಂದಿಲ್ಲ' ಅಂದವರಿಗೆ 'ಬಂದಿದೆಯಲ್ಲ, ಧನ್ಯವಾದ' ಅನ್ನೋ ಸಜೆಶನ್

ಪ್ರಶ್ನೆ, ಟೀಮ್ ಲೀಡರ್, ಹುಬ್ಬಳ್ಳಿ: ನಮ್ಮ ಕನ್ನಡ ಡೆಸ್ಕಿಗೆ, ಗ್ರಾಹಕರ ಮಾತು ಕೇಳಿ ಏಜೆಂಟರಿಗೆ ಉತ್ತರ ಸೂಚಿಸೋ ಏಜೆಂಟ್ ಅಸಿಸ್ಟ್ ಹಾಕ್ಯಾರ. ಮೊದಲು ಉತ್ತರ ಸ್ಕ್ರೀನಿಗೆ ಬರಲಿಕ್ಕೆ ನಾಲ್ಕೈದು ಸೆಕೆಂಡ್ ಹಿಡೀತಿತ್ತು. ವೆಂಡರ್ ಬೇಗ ಬರೋ ಹಂಗ ಮಾಡಿದ ಮ್ಯಾಲೆ ಉಲ್ಟಾ ಉತ್ತರ ಬರಾಕತ್ತಾವ. ಇಂಗ್ಲಿಷ್ ಡೆಸ್ಕಿನ್ಯಾಗ ಈ ಕಾಟ ಇಲ್ಲ. ಯಾಕ್ರೀ?

ಕ್ವಾಲಿಟಿ ಅನಲಿಸ್ಟ್, ಬೆಂಗಳೂರು: ಫೋನ್ ಆಡಿಯೋ 8 ಕಿಲೋಹರ್ಟ್ಜ್ ಸರ್, ಅಕ್ಷರ ಸರಿಯಾಗಿ ಕೇಳಿಸಲ್ಲ. ಮಾತನ್ನ ಅಕ್ಷರಕ್ಕಿಳಿಸೋ ಮಾಡೆಲ್ ಬದಲಿಸಿ.

ಸ್ಪೀಚ್ ಇಂಜಿನಿಯರ್, ಮೈಸೂರು: ಅದೂ ಒಂದು ಕಾರಣ ಇರಬಹುದು. ಆದರೆ ಇಂಗ್ಲಿಷ್ ಡೆಸ್ಕಿನದೂ ಫೋನ್ ಆಡಿಯೋನೇ ತಾನೇ? ಕಾಲ್ ಮುಗಿದ ಮೇಲೆ ಟ್ರಾನ್ಸ್‌ಕ್ರಿಪ್ಟ್ ತೆಗೆದು ನೋಡಿ. ಅಲ್ಲಿ 'ಬಂದಿಲ್ಲ' ಅಂತ ಸರಿಯಾಗಿದ್ದರೆ ಕಿವಿ ಚೆನ್ನಾಗಿದೆ, ಅವಸರ ಜಾಸ್ತಿಯಾಗಿದೆ.

ವೆಂಡರ್ ಬಹುಶಃ ಅರ್ಧ ವಾಕ್ಯಕ್ಕೇ ಉತ್ತರ ಬರೆಯಲು ಬಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ 'ಐ ಹ್ಯಾವೆಂಟ್' ಅನ್ನುವಾಗಲೇ ಇಲ್ಲ ಅನ್ನೋದು ಗೊತ್ತಾಗುತ್ತೆ. ನಮ್ಮಲ್ಲಿ 'ಹೋದ ವಾರ ವಾಪಸ್ ಕೊಟ್ಟ ಮಿಕ್ಸಿದು ರೀಫಂಡ್ ನನ್ನ ಅಕೌಂಟಿಗೆ ಬಂದಿ...' ಅನ್ನೋವರೆಗೂ ಗೊತ್ತಾಗಲ್ಲ. 'ದೆ'ಯೋ 'ಲ್ಲ'ವೋ ಕೊನೇ ಅಕ್ಷರದಲ್ಲಿ ಕೂತಿರುತ್ತೆ.

ಹಾಗಾಗಿ ಕೆಲಸವನ್ನು ಎರಡು ಮಾಡಿಸಿ. 'ಮಿಕ್ಸಿ', 'ರೀಫಂಡ್' ಕಿವಿಗೆ ಬಿದ್ದ ಕೂಡಲೇ ರೀಫಂಡ್ ನಿಯಮದ ಕಾರ್ಡ್ ತೆರೆಯಲಿ. ವಿಷಯ ತಿಳಿಯೋಕೆ ಅಷ್ಟು ಸಾಕು. ಹೇಳಬೇಕಾದ ಮಾತು ಮಾತ್ರ ವಾಕ್ಯ ಮುಗಿದ ಮೇಲೆ ಬರಲಿ. ಮುಗಿಯಿತು ಅಂತ ತಿಳಿಯೋಕೆ 700 ಮಿಲಿಸೆಕೆಂಡ್ ಮೌನದಿಂದ ಶುರು ಮಾಡಿ. ಆರ್ಡರ್ ನಂಬರ್ ಓದಿ ಹೇಳೋರು ನಡುವೆ ನಿಲ್ಲುತ್ತಾರೆ, ಅಲ್ಲಿ 1200ಕ್ಕೆ ಏರಿಸಿ. ಉತ್ತರ ಎರಡೇ ಸಾಲಿರಲಿ. ಉದ್ದ ಬರೆದಷ್ಟೂ ತಡ, ಮೇಲಾಗಿ ಕೇಳ್ತಾ ಕೇಳ್ತಾ ಆರು ಸಾಲು ಯಾರು ಓದುತ್ತಾರೆ?

ಆಪರೇಷನ್ಸ್ ಮ್ಯಾನೇಜರ್, ಮಂಗಳೂರು: ಇಷ್ಟೆಲ್ಲ ಯಾಕೆ? ಇಂಥದ್ದೇ ಟೂಲ್ ಬಗ್ಗೆ 2023ರ ಅಮೆರಿಕದ ಅಧ್ಯಯನದಲ್ಲಿ ಗಂಟೆಗೆ ಬಗೆಹರಿದ ದೂರು 14% ಹೆಚ್ಚಿತ್ತಲ್ಲ. ನಮ್ಮ ಕಾಲ್ ಸಮಯ ಮಾತ್ರ ಇಳಿದಿಲ್ಲ, ಏಜೆಂಟರೇ ಬಳಸ್ತಿಲ್ಲ ಅನ್ಸುತ್ತೆ.

ಸ್ಪೀಚ್ ಇಂಜಿನಿಯರ್, ಮೈಸೂರು: ಅದು ಚಾಟ್ ಏಜೆಂಟರ ಮೇಲೆ ಮಾಡಿದ್ದು. ಹೆಚ್ಚು ಲಾಭ ಹೊಸಬರಿಗೆ, ಹಳಬರಿಗೆ ಅಷ್ಟಿಲ್ಲ. ಚಾಟಿನಲ್ಲಿ ಎರಡು ಸೆಕೆಂಡ್ ಕಾದರೆ ಯಾರಿಗೂ ಗೊತ್ತಾಗಲ್ಲ, ಫೋನಿನಲ್ಲಿ 'ಹಲೋ, ಇದೀರಾ?' ಅಂತಾರೆ.

ಟೀಮ್ ಲೀಡರ್, ಹುಬ್ಬಳ್ಳಿ: ನೋಡಿದ್ವಿ ಸರ. ಟ್ರಾನ್ಸ್‌ಕ್ರಿಪ್ಟ್ ಸರಿ ಅದ. ಆದ್ರ ಕೆಲವು ಕಾಲ್‌ನ್ಯಾಗ ಏಜೆಂಟ್ 'ರೀಫಂಡ್ ಬಂದೈತೇನ್ರಿ?' ಅಂತ ಕೇಳಿದ್ದು ಗ್ರಾಹಕರ ಮಾತಿನ್ಯಾಗ ಸೇರೇತಿ.

ಸ್ಪೀಚ್ ಇಂಜಿನಿಯರ್, ಮೈಸೂರು: ಇಬ್ಬರ ದನಿಯೂ ಒಂದೇ ಚಾನೆಲ್ಲಿನಲ್ಲಿ ಹೋಗ್ತಿದೆ. ಟೆಲಿಫೋನಿಯವರಿಗೆ ಹೇಳಿ ಬೇರೆ ಬೇರೆ ಕಳಿಸಿ, ಗ್ರಾಹಕರ ಚಾನೆಲ್ಲಿಗೆ ಮಾತ್ರ ಸಜೆಶನ್ ಬರಲಿ. ಮೊದಲು ಇದನ್ನ ಮಾಡಿ.

ಟೀಮ್ ಲೀಡರ್, ಹುಬ್ಬಳ್ಳಿ: 'ಬಂದಿಲ್ರಿ' ಅಂದದ್ದು ಒಮ್ಮೊಮ್ಮೆ 'ಬಂದಿರಿ' ಆಗ್ತದ. ಅದಕ್ಕೇನು ಮಾಡೋದು?

ಸ್ಪೀಚ್ ಇಂಜಿನಿಯರ್, ಮೈಸೂರು: ಅದು ನಿಜಕ್ಕೂ ಕಿವಿಯ ದೋಷ, ಅನಲಿಸ್ಟ್ ಹೇಳಿದ್ದು ಇಲ್ಲಿ ಸರಿ. ಉತ್ತರ ಕರ್ನಾಟಕದ ಕಾಲ್‌ಗಳನ್ನೇ ಆರಿಸಿ, ಕೈಯಾರೆ ಟ್ರಾನ್ಸ್‌ಕ್ರಿಪ್ಟ್ ಮಾಡಿ ವೆಂಡರಿಗೆ ಕೊಡಿ. ಅಲ್ಲಿವರೆಗೆ ರೀಫಂಡ್ ವಿಷಯಕ್ಕೆ ಕಾರ್ಡ್ ಸಾಕು, ಸಿದ್ಧ ಉತ್ತರ ಬೇಡ.

ಕ್ವಾಲಿಟಿ ಅನಲಿಸ್ಟ್, ಬೆಂಗಳೂರು: ಕೈಯಾರೆ ಅಂದ್ರೆ ಎಷ್ಟು ಗಂಟೆಯ ಆಡಿಯೋ ಬೇಕಾಗುತ್ತೆ ಸರ್? ನಮ್ಮ ವೆಂಡರ್ ಪ್ರತಿ ಸಲ ಬೇರೆ ಲೆಕ್ಕ ಹೇಳ್ತಾರೆ.