‘ಕ್ರಾಸ್‌ಓವರ್ ಡಿಸ್ಟಾರ್ಷನ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಅನುವಾದಕಿ, ಮೈಸೂರು:

ಮಾನ್ಯರೇ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ ಆಡಿಯೊ ಆಂಪ್ಲಿಫೈಯರ್ ಕುರಿತ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪುಶ್-ಪುಲ್ ಔಟ್‌ಪುಟ್‌ನ ‘ಕ್ರಾಸ್‌ಓವರ್ ಡಿಸ್ಟಾರ್ಷನ್’ಗೆ ‘ಅಡ್ಡಹಾಯುವ ವಿರೂಪ’ ಎಂದೂ, ಅದನ್ನು ತಗ್ಗಿಸುವ ‘ಬಯಾಸ್ ಕರೆಂಟ್’ಗೆ ನಿಘಂಟನ್ನು ನಂಬಿ ‘ಪೂರ್ವಗ್ರಹ ಪ್ರವಾಹ’ ಎಂದೂ ಬರೆದೆ. ಮರುದಿನ ಓದಿದಾಗ ನನಗೇ ನಗು ಬಂತು. ಇಲ್ಲಿ ಯಾವುದು ಯಾವುದನ್ನು ದಾಟುತ್ತದೆ, ದಾಟುವಾಗ ಧ್ವನಿ ಏಕೆ ಕೆಡುತ್ತದೆ ಎಂಬುದು ತಿಳಿದರೆ ಪದ ತಾನಾಗಿ ಸಿಕ್ಕೀತು.

ಸಂಗೀತಾಸಕ್ತರು, ಧಾರವಾಡ:

ಕ್ರಾಸ್‌ಓವರ್ ಎಂದರೆ ಸ್ಪೀಕರ್ ಪೆಟ್ಟಿಗೆಯೊಳಗೆ ತಗ್ಗು ಸ್ವರಗಳನ್ನು ವೂಫರ್‌ಗೂ ಏರು ಸ್ವರಗಳನ್ನು ಟ್ವೀಟರ್‌ಗೂ ಹಂಚುವ ಕಾಯಿಲ್, ಕೆಪಾಸಿಟರ್‌ಗಳ ಜೋಡಣೆ. ಆದ್ದರಿಂದ ‘ಹಂಚಿಕೆ ವಿರೂಪ’ ಸರಿಹೋಗುತ್ತದೆ.

ನಿವೃತ್ತ ಎಂಜಿನಿಯರ್, ಬೆಂಗಳೂರು:

ಧಾರವಾಡದವರು ಹೇಳಿದ ವಸ್ತು ನಿಜ, ಆದರೆ ಹೆಸರು ಒಂದೇ ಆದರೂ ಅದು ಬೇರೆ. ಮರ ಕೊಯ್ಯುವವರು ಉದ್ದ ಗರಗಸದ ಎರಡು ತುದಿಗಳಲ್ಲಿ ನಿಂತು ಸರದಿಯ ಮೇಲೆ ಎಳೆಯುವುದನ್ನು ನೆನೆದುಕೊಳ್ಳಿ. ಪುಶ್-ಪುಲ್‌ನಲ್ಲಿಯೂ ಸಂಕೇತದ ಧನ ಅರ್ಧವನ್ನು ಎನ್‌ಪಿಎನ್ ಟ್ರಾನ್ಸಿಸ್ಟರ್, ಋಣ ಅರ್ಧವನ್ನು ಪಿಎನ್‌ಪಿ ಟ್ರಾನ್ಸಿಸ್ಟರ್ ಸ್ಪೀಕರ್‌ಗೆ ತಲುಪಿಸುತ್ತವೆ. ಸಂಕೇತವು ಸೊನ್ನೆಯನ್ನು ದಾಟುವಾಗ ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಹೆಸರು ಬಂದದ್ದು ಅದರಿಂದ.

ತೊಡಕೆಂದರೆ, ಸಿಲಿಕಾನ್ ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಎಮಿಟರ್‌ಗಳ ನಡುವೆ ಸುಮಾರು 0.6 ವೋಲ್ಟ್ ಬೀಳುವವರೆಗೆ ಅದು ಹೇಳಿಕೊಳ್ಳುವಷ್ಟು ಕರೆಂಟ್ ಹರಿಸುವುದಿಲ್ಲ. ಎರಡೂ ಬೇಸ್‌ಗಳನ್ನು ನೇರವಾಗಿ ಕೂಡಿಸಿ, 1 ವೋಲ್ಟ್ ಶಿಖರದ ಸೈನ್ ಅಲೆಯನ್ನು ಕೊಟ್ಟೆವೆನ್ನಿ. ಸೊನ್ನೆಯ ಆಚೀಚೆ ಸುಮಾರು 37 ಡಿಗ್ರಿಯವರೆಗೆ ಅಲೆ 0.6 ವೋಲ್ಟ್ ಮುಟ್ಟುವುದಿಲ್ಲವಾದ್ದರಿಂದ, ಪ್ರತಿ ಅರ್ಧ ಸುತ್ತಿನ 180 ಡಿಗ್ರಿಯಲ್ಲಿ 74 ಡಿಗ್ರಿಯಷ್ಟು ಹೊತ್ತು ಇಬ್ಬರೂ ಗರಗಸ ಬಿಟ್ಟು ನಿಂತಿರುತ್ತಾರೆ. ಅದೇ ಅಲೆಯ ಶಿಖರವನ್ನು 10 ವೋಲ್ಟ್‌ಗೆ ಏರಿಸಿದರೆ ಆ ಮೌನ 7 ಡಿಗ್ರಿಗೆ ಇಳಿಯುತ್ತದೆ. ಇತರ ವಿರೂಪಗಳು ಹೆಚ್ಚಾಗಿ ಧ್ವನಿ ಏರಿಸಿದಾಗ ಬೆಳೆದರೆ, ಇದು ಧ್ವನಿ ತಗ್ಗಿಸಿದಾಗಲೇ ಎದ್ದು ಕೇಳುತ್ತದೆ; ಗುರುತು ಹಿಡಿಯುವುದಕ್ಕೆ ಇದೇ ಸುಲಭದ ದಾರಿ.

ಬಯಾಸ್ ಎಂದರೆ ಎರಡು ಬೇಸ್‌ಗಳ ನಡುವೆ ಮೊದಲೇ ಸುಮಾರು 1.2 ವೋಲ್ಟ್ ಇರಿಸಿ, ಸಂಕೇತವಿಲ್ಲದಾಗಲೂ ಎರಡರಲ್ಲೂ ಸಣ್ಣ ಕರೆಂಟ್ ಹರಿಯುವಂತೆ ಮಾಡುವುದು. ಒಂದು ಪೂರ್ತಿ ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ.

ಸೌಂಡ್ ಸೆಟ್ ಬಾಡಿಗೆಯವರು, ಶಿವಮೊಗ್ಗ ಕಡೆ:

ನನ್ನದೊಂದು ಆಂಪ್ಲಿಫೈಯರ್‌ನಲ್ಲಿ ಹೀಗೇ ಆಗುತ್ತಿತ್ತು. ಜೋರಾಗಿ ಹಾಕಿದರೆ ಸರಿ, ಮೆಲ್ಲಗೆ ಹಾಕಿದರೆ ಗಂಟಲು ಕಟ್ಟಿದವರ ಮಾತಿನಂತೆ ಕೇಳುತ್ತಿತ್ತು. ಬಯಾಸ್ ಪ್ರೀಸೆಟ್ ತಿರುಗಿಸಿದೆ, ಧ್ವನಿ ತಿಳಿಯಾಯಿತು. ಇನ್ನೂ ತಿಳಿಯಾಗಲಿ ಎಂದು ಮತ್ತಷ್ಟು ತಿರುಗಿಸಿದೆ. ಅರ್ಧ ಗಂಟೆಯಲ್ಲಿ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾದು ಟ್ರಾನ್ಸಿಸ್ಟರ್ ಸುಟ್ಟುಹೋಯಿತು. ಬಯಾಸ್ ಹೆಚ್ಚಿದಷ್ಟೂ ಒಳ್ಳೆಯದೇ, ಆದರೆ ನನಗೆ ಸಿಕ್ಕ ಟ್ರಾನ್ಸಿಸ್ಟರ್ ನಕಲಿ ಮಾಲು.

ನಿವೃತ್ತ ಎಂಜಿನಿಯರ್, ಬೆಂಗಳೂರು:

ನಕಲಿ ಮಾಲು ಇದ್ದರೂ ಇರಬಹುದು, ಆದರೆ ಅಸಲಿಯೂ ಹೀಗೆ ಸುಡುತ್ತದೆ. ಟ್ರಾನ್ಸಿಸ್ಟರ್ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಅದಕ್ಕೆ ಬೇಕಾದ ಬೇಸ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ತಗ್ಗುತ್ತದೆ. ನೀವು ಕೊಟ್ಟ ವೋಲ್ಟೇಜ್ ಅಷ್ಟೇ ಉಳಿದರೆ ಕರೆಂಟ್ ಏರುತ್ತದೆ, ಏರಿದ ಕರೆಂಟ್ ಮತ್ತೆ ಕಾಯಿಸುತ್ತದೆ. ಬಯಾಸ್ ಕೊಡುವ ಡಯೋಡ್‌ಗಳನ್ನಾಗಲಿ ಟ್ರಾನ್ಸಿಸ್ಟರನ್ನಾಗಲಿ ಅದೇ ಹೀಟ್‌ಸಿಂಕ್‌ಗೆ ಅಂಟಿಸುವುದು, ಅವೂ ಜತೆಗೆ ಕಾದು ವೋಲ್ಟೇಜನ್ನು ತಗ್ಗಿಸಲಿ ಎಂದು. ನಿಮ್ಮದರಲ್ಲಿ ಅದು ಸಡಿಲವಾಗಿತ್ತೇ ನೋಡಿ.

‘ಹೆಚ್ಚಿದಷ್ಟೂ ಒಳ್ಳೆಯದು’ ಎಂಬುದು ಅರ್ಧ ನಿಜ. ಎರಡೂ ಒಟ್ಟಿಗೆ ಎಳೆಯುವ ವಲಯದಲ್ಲಿ ಬಲ ಹೆಚ್ಚಾಗಿ, ಒಂದು ಬಿಟ್ಟೊಡನೆ ಥಟ್ಟನೆ ತಗ್ಗುವುದರಿಂದ ಅಲೆಯಲ್ಲಿ ಬೇರೊಂದು ಗಂಟು ಮೂಡುತ್ತದೆ. 0.22 ಓಮ್‌ನ ಎಮಿಟರ್ ರೆಸಿಸ್ಟರ್ ಇದ್ದರೆ, ಚೆನ್ನಾಗಿ ಕಾದ ಮೇಲೆ ಅದರ ಎರಡು ತುದಿಗಳ ನಡುವೆ 22 ಮಿಲಿವೋಲ್ಟ್, ಅಂದರೆ 100 ಮಿಲಿಆಂಪಿಯರ್, ಆಸುಪಾಸಿಗೆ ಹೊಂದಿಸಿದರೆ ಸಾಮಾನ್ಯವಾಗಿ ಸಾಕು.

ಕನ್ನಡ ಅಧ್ಯಾಪಕರು, ಉಡುಪಿ:

ಎರಡು ಕೂಡುವ ಕಡೆ ಒಂದಿಷ್ಟು ಬಿಟ್ಟುಹೋಗುವುದಾದರೆ ನಮ್ಮಲ್ಲಿ ಅದಕ್ಕೆ ಲೋಪಸಂಧಿ ಎಂಬ ಹೆಸರು ಸಿದ್ಧವಾಗಿಯೇ ಇದೆ! ‘ಸಂಧಿಲೋಪ’ ಎನ್ನಬಾರದೇಕೆ?

ಅನುವಾದಕಿ, ಮೈಸೂರು:

ಆಸೆಯಾಗುತ್ತದೆ, ಆದರೆ ಬಯಾಸ್ ಅತಿಯಾದಾಗ ಬರುವ ಗಂಟಿನಲ್ಲಿ ಲೋಪವಿಲ್ಲ, ಹೆಚ್ಚುವರಿ ಇದೆ. ಆಗಲೂ ಕೆಡುವುದು ಸಂಧಿಯ ಆಸುಪಾಸಿನಲ್ಲೇ. ಸದ್ಯಕ್ಕೆ ‘ಸಂಧಿವಿರೂಪ’ ಎಂದು ಬರೆದಿದ್ದೇನೆ. ಬಯಾಸನ್ನು ಬಯಾಸ್ ಎಂದೇ ಬಿಟ್ಟಿದ್ದೇನೆ. ಪ್ರೀಸೆಟ್ ತಿರುಗಿಸುವವರು ಆಡುವ ಮಾತು ಅದೇ.

ಕನ್ನಡ ಅಧ್ಯಾಪಕರು, ಉಡುಪಿ:

‘ಸಂಧಿ’ ಎಂದೊಡನೆ ವಿದ್ಯಾರ್ಥಿಗಳು ಡಯೋಡಿನ ಪಿಎನ್ ಸಂಧಿಯನ್ನು ನೆನೆಯುವುದಿಲ್ಲವೇ?